ಕಾಫಿಯ ಲೋಟಕ್ಕೆ ಯಾವ ಸಿಹಿ? ಸಕ್ಕರೆ, ಬೆಲ್ಲ, ಜೇನು ಮತ್ತು ಕೃತಕ ಸಿಹಿಕಾರಕಗಳನ್ನು ಮನೆಯಲ್ಲೇ ತೂಗಿ ನೋಡುವ ಬಗೆ

ಮೈಸೂರಿನಲ್ಲಿರುವ ನನ್ನ ಸೋದರತ್ತೆಗೆ 63 ವರ್ಷ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕಳೆದ ವರ್ಷ ಅವರು ಮನೆಯಿಂದ ಸಕ್ಕರೆಯ ಡಬ್ಬಿಯನ್ನೇ ಹೊರಗೆ ಹಾಕಿ, ಕಾಫಿಗೆ ಬೆಲ್ಲದ ಪುಡಿಯನ್ನೂ ಬೆಳಗಿನ ಬಿಸಿನೀರಿಗೆ ಜೇನುತುಪ್ಪವನ್ನೂ ಬಳಸತೊಡಗಿದರು. ನಾಲ್ಕು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 7.4ರಿಂದ 8.1ಕ್ಕೆ ಏರಿತ್ತು. "ಸಕ್ಕರೆ ಮುಟ್ಟೇ ಇಲ್ಲವಲ್ಲಪ್ಪ, ಹೇಗೆ ಏರಿತು?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ನಾವಿಬ್ಬರೂ ಅಡುಗೆಮನೆಯ ತಕ್ಕಡಿಯನ್ನು ಮುಂದಿಟ್ಟುಕೊಂಡು ಕುಳಿತೆವು. ಆ ದಿನ ಮತ್ತು ಮುಂದಿನ ಎರಡು ತಿಂಗಳುಗಳಲ್ಲಿ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಮೊದಲ ಮೂರು ಹೆಜ್ಜೆಗಳು ಹಾಗೆಯೇ ಅನ್ವಯಿಸುತ್ತವೆ.

ಹೆಜ್ಜೆ 1: ನಿಮ್ಮ ಮನೆಯ ಚಮಚವನ್ನು ತೂಗಿ

"ಒಂದು ಚಮಚ" ಎಂಬುದು ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಮಟ್ಟವಾಗಿ ತುಂಬಿದ ಸಣ್ಣ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅದೇ ಚಮಚವನ್ನು ಗೋಪುರದಂತೆ ತುಂಬಿದರೆ 6 ಅಥವಾ 7 ಗ್ರಾಂ ಆಗುತ್ತದೆ. ಅಡುಗೆಮನೆಯ ಸಾಮಾನ್ಯ ಡಿಜಿಟಲ್ ತಕ್ಕಡಿ ಒಂದೆರಡು ಗ್ರಾಂಗಳನ್ನು ನಿಖರವಾಗಿ ತೋರಿಸುವುದಿಲ್ಲವಾದ್ದರಿಂದ, ನೀವು ದಿನವೂ ಹಾಕಿಕೊಳ್ಳುವ ರೀತಿಯಲ್ಲೇ ಹತ್ತು ಚಮಚಗಳನ್ನು ಬಟ್ಟಲಿಗೆ ಹಾಕಿ ತೂಗಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ. ನಮ್ಮ ಅತ್ತೆಯ ಚಮಚದಲ್ಲಿ ಸಕ್ಕರೆಯೂ ಬೆಲ್ಲದ ಪುಡಿಯೂ ಹತ್ತಿರ ಹತ್ತಿರ 5 ಗ್ರಾಂ ಬಂದವು. ಜೇನುತುಪ್ಪವನ್ನು ಅವರು ಬಡಿಸುವ ದೊಡ್ಡ ಚಮಚದಲ್ಲಿ ಹಾಕಿಕೊಳ್ಳುತ್ತಿದ್ದರು; ಅದು 20 ಗ್ರಾಂ ಇತ್ತು. ಜೇನು ಸಕ್ಕರೆಗಿಂತ ಭಾರ, ಅಷ್ಟೇ ಗಾತ್ರದ ಚಮಚದಲ್ಲಿ ಹೆಚ್ಚು ತೂಕ ಬರುತ್ತದೆ ಎಂಬುದು ಬಹಳ ಜನರ ಲೆಕ್ಕಕ್ಕೆ ಬರುವುದೇ ಇಲ್ಲ.

ಹೆಜ್ಜೆ 2: ಎಲ್ಲವನ್ನೂ ಸಕ್ಕರೆಯ ಗ್ರಾಂಗೆ ಇಳಿಸಿ ಲೆಕ್ಕ ಹಾಕಿ

ಇಲ್ಲಿ ಮೂರೇ ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಬಿಳಿ ಸಕ್ಕರೆ ಪೂರ್ತಿಯಾಗಿ ಸಕ್ಕರೆಯೇ, ಅಂದರೆ 100 ಗ್ರಾಂಗೆ 100 ಗ್ರಾಂ. ಬೆಲ್ಲದಲ್ಲಿ ತೇವಾಂಶ, ಖನಿಜ ಮತ್ತು ಕಬ್ಬಿನ ರಸದ ಇತರ ಅಂಶಗಳನ್ನು ಬಿಟ್ಟರೆ 100 ಗ್ರಾಂಗೆ ಸುಮಾರು 85 ಗ್ರಾಂ ಸಕ್ಕರೆ ಉಳಿಯುತ್ತದೆ. ಜೇನಿನಲ್ಲಿ ಸುಮಾರು ಐದನೇ ಒಂದು ಭಾಗ ನೀರು ಇರುವುದರಿಂದ 100 ಗ್ರಾಂಗೆ 80 ಗ್ರಾಂ ಎಂದು ಹಿಡಿಯಬಹುದು.

ಈಗ ಅತ್ತೆಯ ದಿನದ ಲೆಕ್ಕ ನೋಡಿ. ಹಿಂದೆ ಅವರು ದಿನಕ್ಕೆ ನಾಲ್ಕು ಲೋಟ ಕಾಫಿಗೆ ಒಂದೂವರೆ ಚಮಚದಂತೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು: ಒಟ್ಟು 30 ಗ್ರಾಂ. ಬೆಲ್ಲಕ್ಕೆ ಬದಲಾದ ಮೇಲೆ, ಅದರ ಸಿಹಿ ಸಕ್ಕರೆಯಷ್ಟು ಚುರುಕಲ್ಲವೆಂದು ಲೋಟಕ್ಕೆ ಎರಡು ಚಮಚ ಹಾಕತೊಡಗಿದರು. "ಬೆಲ್ಲ ತಾನೇ" ಎಂಬ ಧೈರ್ಯವೂ ಜೊತೆಗಿತ್ತು. ನಾಲ್ಕು ಲೋಟಕ್ಕೆ 40 ಗ್ರಾಂ ಬೆಲ್ಲ, ಅಂದರೆ 34 ಗ್ರಾಂ ಸಕ್ಕರೆ. ಇದರ ಮೇಲೆ ಬೆಳಗಿನ 20 ಗ್ರಾಂ ಜೇನಿನಿಂದ 16 ಗ್ರಾಂ. ಕೂಡಿದರೆ 50 ಗ್ರಾಂ. ಸಕ್ಕರೆಯನ್ನು ಬಿಟ್ಟ ಮನೆಯಲ್ಲಿ ಸಕ್ಕರೆಯ ಸೇವನೆ 30 ಗ್ರಾಂನಿಂದ 50 ಗ್ರಾಂಗೆ ಏರಿದ್ದು ಹೀಗೆ. ಊಟ, ನಡಿಗೆ, ಮಾತ್ರೆ ಯಾವುದೂ ಬದಲಾಗಿರಲಿಲ್ಲವಾದ್ದರಿಂದ ಎಚ್‌ಬಿಎ1ಸಿ ಏರಲು ಇದೇ ಮುಖ್ಯ ಕಾರಣವೆಂದು ನಾವು ತಿಳಿದೆವು.

ಹೋಲಿಕೆಗೆ ಒಂದು ಗಡಿ ಬೇಕಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಪ್ರಕಾರ, ಹೊರಗಿನಿಂದ ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ರೊಳಗಿರಬೇಕು, ಸಾಧ್ಯವಾದರೆ ಶೇ 5ರೊಳಗೆ. ಶೇ 5 ಎಂದರೆ ಸಾಮಾನ್ಯ ವಯಸ್ಕರಿಗೆ ಸುಮಾರು 25 ಗ್ರಾಂ. ಈ ಲೆಕ್ಕದಲ್ಲಿ ಜೇನು ಮತ್ತು ಹಣ್ಣಿನ ರಸಗಳೂ ಸೇರುತ್ತವೆ; ಇಡೀ ಹಣ್ಣು ಮತ್ತು ಬರಿಯ ಹಾಲು ಸೇರುವುದಿಲ್ಲ.

ಬೆಲ್ಲ ಏಕೆ ಭಿನ್ನವಾಗಿ ವರ್ತಿಸುವುದಿಲ್ಲ ಎಂಬುದನ್ನು ತಿಳಿಯಲು ಮಂಡ್ಯದ ಕಡೆಯ ಯಾವುದೇ ಆಲೆಮನೆಯನ್ನು ನೋಡಿದರೆ ಸಾಕು. ಕಬ್ಬನ್ನು ಗಾಣಕ್ಕೆ ಕೊಟ್ಟಾಗಲೇ ನಾರೆಲ್ಲ ಸಿಪ್ಪೆಯಲ್ಲಿ ಉಳಿಯುತ್ತದೆ. ರಸವನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಕೊಳೆಯನ್ನು ತೆಗೆದು, ನೀರನ್ನು ಇಂಗಿಸಿ ಅಚ್ಚಿಗೆ ಸುರಿಯುತ್ತಾರೆ. ಅಚ್ಚಿನಲ್ಲಿ ಗಟ್ಟಿಯಾಗುವುದು ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯ ಹರಳಿನಲ್ಲಿರುವುದೇ. ಕರುಳಿನಲ್ಲಿ ಎರಡೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ, ತಡೆಹಿಡಿಯಲು ನಾರಿಲ್ಲ. ಜೇನಿನಲ್ಲಿ ಜೇನ್ನೊಣಗಳೇ ಈ ಕೆಲಸವನ್ನು ಮುಂಚಿತವಾಗಿ ಮುಗಿಸಿರುತ್ತವೆ. ಅದರಲ್ಲಿ ಫ್ರಕ್ಟೋಸ್ ತುಸು ಹೆಚ್ಚಿರುವುದರಿಂದ ರಕ್ತದ ಗ್ಲೂಕೋಸ್ ಕೆಲವೊಮ್ಮೆ ಸ್ವಲ್ಪ ನಿಧಾನವಾಗಿ ಏರಬಹುದು. ಆದರೆ ದೊಡ್ಡ ಚಮಚದಲ್ಲಿ ಕುಡಿಯುವವರಿಗೆ ಆ ಅಂತರದಿಂದ ಉಪಯೋಗವಿಲ್ಲ.

ಬೆಲ್ಲದ ಕಬ್ಬಿಣಾಂಶದ ಮಾತು ಇಲ್ಲಿ ಬಂದೇ ಬರುತ್ತದೆ. ಕಬ್ಬಿಣಾಂಶ ಇರುವುದು ನಿಜ. ಕಬ್ಬಿನ ತಳಿ, ಮಣ್ಣು, ಕೊಪ್ಪರಿಗೆಯನ್ನು ಅವಲಂಬಿಸಿ ಅದು ಬಹಳ ಏರುಪೇರಾಗುತ್ತದೆ. ಉದಾರವಾಗಿ 100 ಗ್ರಾಂಗೆ 10 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ಆಗಲೂ ಎರಡು ಚಮಚ ಬೆಲ್ಲದಿಂದ ಸಿಗುವುದು 1 ಮಿಲಿಗ್ರಾಂ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಒಂದು ಹಿಡಿ ಹುರುಳಿಕಾಳಿನ ಸಾರು ಇದಕ್ಕಿಂತ ಹೆಚ್ಚು ಕಬ್ಬಿಣವನ್ನು ಕೊಡುತ್ತದೆ, ಸಕ್ಕರೆಯನ್ನು ತರದೆ. ಬೆಲ್ಲವನ್ನು ರುಚಿಗಾಗಿ ತಿನ್ನಿ. ಅದು ಸಾಕಷ್ಟು ಒಳ್ಳೆಯ ಕಾರಣ.

ಹೆಜ್ಜೆ 3: ಸಿಹಿ ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಬೇರ್ಪಡಿಸಿ

ಒಂದು ವಾರ ಬರೆದಿಟ್ಟಾಗ ಸಿಹಿ ಮೂರು ದಾರಿಗಳಲ್ಲಿ ಬರುತ್ತಿರುವುದು ಕಂಡಿತು: ದಿನದ ಪಾನೀಯಗಳು, ಅಡುಗೆಗೆ ಹಾಕುವ ಚೂರು ಬೆಲ್ಲ, ಮತ್ತು ಹಬ್ಬ ಅಥವಾ ಸಮಾರಂಭದ ಸಿಹಿತಿಂಡಿ. ಈ ಮೂರಕ್ಕೂ ಒಂದೇ ಉಪಾಯ ಸಲ್ಲದು.

ಹುಳಿಗೋ ಗೊಜ್ಜಿಗೋ ಹಾಕುವ ಬೆಲ್ಲವನ್ನು ಕಂಡು ಹೆದರಬೇಕಿಲ್ಲ. ನಾಲ್ಕು ಜನರ ಸಾರಿಗೆ ಹಾಕಿದ 10 ಗ್ರಾಂ ಬೆಲ್ಲದಲ್ಲಿ ಒಬ್ಬರ ಪಾಲಿಗೆ ಬರುವುದು ಎರಡೂವರೆ ಗ್ರಾಂ. ಅದು ಹುಣಸೆಯ ಹುಳಿಯನ್ನು ಹದಕ್ಕೆ ತರುತ್ತದೆ ಮತ್ತು ಊಟದ ಜೊತೆಗೆ ಹೊಟ್ಟೆ ಸೇರುತ್ತದೆ. ಅಲ್ಲಿ ಕೃತಕ ಸಿಹಿಕಾರಕ ಹಾಕಿದರೆ ಸಾರು ಕೆಡುವುದಷ್ಟೇ ಲಾಭ.

ಸಿಹಿತಿಂಡಿಯಲ್ಲೂ ಕೃತಕ ಸಿಹಿಕಾರಕ ಸೋಲುತ್ತದೆ, ಆದರೆ ಬೇರೆ ಕಾರಣಕ್ಕೆ. ಸಕ್ಕರೆ ಮತ್ತು ಬೆಲ್ಲ ಸಿಹಿಯನ್ನಷ್ಟೇ ಕೊಡುವುದಿಲ್ಲ: ಪಾಕ ಎಳೆಯಾಗಿ ಬರುವುದು, ಉಂಡೆ ಕಟ್ಟುವುದು, ಹೋಳಿಗೆಯ ಹೂರಣ ಗಟ್ಟಿಯಾಗುವುದು, ತಿಂಡಿ ಕೆಲವು ದಿನ ಕೆಡದೆ ಉಳಿಯುವುದು ಎಲ್ಲವೂ ಅವುಗಳ ತೂಕದಿಂದಲೇ. ಚಿಟಿಕೆಯಷ್ಟು ಸಿಹಿಕಾರಕಕ್ಕೆ ಒಂದೆಳೆ ಪಾಕ ಬರುವುದಿಲ್ಲ. ಹಾಗಾಗಿ ಅಂಗಡಿಗಳ "ಸಕ್ಕರೆರಹಿತ" ಮಿಠಾಯಿಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಪದಾರ್ಥಗಳನ್ನೋ ಖರ್ಜೂರವನ್ನೋ ತುಂಬಿರುತ್ತಾರೆ. ಮೊದಲಿನವು ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ, ಎರಡನೆಯದು ಸಕ್ಕರೆಯೇ. ಕಡಲೆಹಿಟ್ಟು ಮತ್ತು ತುಪ್ಪವಂತೂ ಸಾಮಾನ್ಯ ಮಿಠಾಯಿಯಲ್ಲಿ ಇದ್ದಷ್ಟೇ ಇವುಗಳಲ್ಲೂ ಇರುತ್ತವೆ. ಹಬ್ಬದ ದಿನ ನಿಜವಾದ ಬೆಲ್ಲದ ಪಾಯಸವನ್ನೇ ಮಾಡಿ, ಸಣ್ಣ ಬಟ್ಟಲಲ್ಲಿ ಒಮ್ಮೆ ಬಡಿಸಿಕೊಂಡು, ಆ ಹೊತ್ತಿನ ಅನ್ನವನ್ನು ಕಡಿಮೆ ಮಾಡುವುದೇ ನನಗೆ ಸರಿಯೆನಿಸಿದೆ.

ಹೀಗೆ ಎರಡು ದಾರಿಗಳನ್ನು ಬದಿಗಿಟ್ಟರೆ ಉಳಿಯುವುದು ಪಾನೀಯ. ದಿನವೂ, ಹಲವು ಸಲ, ಯೋಚಿಸದೆ ಒಳಗೆ ಹೋಗುವ ಸಕ್ಕರೆ ಇದು. ಕೃತಕ ಸಿಹಿಕಾರಕಕ್ಕೆ ತಕ್ಕ ಜಾಗ ಏನಾದರೂ ಇದ್ದರೆ ಇಲ್ಲಿಯೇ.

ಹೆಜ್ಜೆ 4: ಡಬ್ಬಿಯ ಹಿಂಬದಿಯನ್ನು ಓದಿ ಆರಿಸಿ

ಮುಂಭಾಗದಲ್ಲಿ ಎಲೆಯ ಚಿತ್ರವಿರಲಿ, ಹೃದಯದ ಚಿತ್ರವಿರಲಿ, ಒಳಗಿರುವುದು ಯಾವುದೆಂದು ತಿಳಿಯುವುದು ಹಿಂಬದಿಯ ಸಣ್ಣ ಅಕ್ಷರಗಳಿಂದ. ಹೆಸರಿನ ಬದಲು ಕೆಲವೊಮ್ಮೆ ಸಂಖ್ಯೆಯಷ್ಟೇ ಇರುತ್ತದೆ: 951 ಎಂದರೆ ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ ಎಲೆಯಿಂದ ತೆಗೆದ ಅಂಶ.

ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಆದರೆ ಹೆಚ್ಚು ಹೊತ್ತು ಕುದಿಸಿದರೆ ಸಿಹಿಯನ್ನು ಕಳೆದುಕೊಳ್ಳುತ್ತದೆ. ಚಹಾ ಕುದಿಯುವಾಗಲೇ ಮಾತ್ರೆಯನ್ನು ಪಾತ್ರೆಗೆ ಹಾಕಿ, ಸಿಹಿ ಸಾಲದೆಂದು ಮತ್ತೆರಡು ಹಾಕುವವರ ಕಷ್ಟ ಇದೇ. ಲೋಟಕ್ಕೆ ಸೋಸಿದ ಮೇಲೆ ಹಾಕಬೇಕು. ಫೀನೈಲ್‌ಕೀಟೋನೂರಿಯಾ ಎಂಬ ಅಪರೂಪದ ಹುಟ್ಟುಕಾಯಿಲೆ ಇರುವವರು ಇದನ್ನು ಮುಟ್ಟಬಾರದು. ಪೊಟ್ಟಣದ ಮೇಲೆ ಆ ಎಚ್ಚರಿಕೆ ಇರಲೇಬೇಕು. ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ, ಕಾಫಿಯ ಬಿಸಿಗೆ ಜಗ್ಗುವುದಿಲ್ಲ. ಆದರೂ ಕರಿಯುವ, ಬೇಕ್ ಮಾಡುವ ತೀವ್ರ ಶಾಖದಲ್ಲಿ ಅದನ್ನು ಬಳಸದಿರುವುದು ಮೇಲು. ಅಷ್ಟು ಕಾಯಿಸಿದಾಗ ಬೇಡದ ಕ್ಲೋರಿನ್ ಸಂಯುಕ್ತಗಳು ಉಂಟಾಗಬಹುದೆಂಬ ಎಚ್ಚರಿಕೆಯಿದೆ. (1976ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ಸಂಶೋಧಕ, "ಟೆಸ್ಟ್" ಮಾಡು ಎಂದದ್ದನ್ನು "ಟೇಸ್ಟ್" ಮಾಡು ಎಂದು ಕೇಳಿಸಿಕೊಂಡು ನಾಲಿಗೆಗೆ ಹಚ್ಚಿ ನೋಡಿದ್ದರಿಂದ ಇದರ ಸಿಹಿ ತಿಳಿಯಿತು ಎಂಬ ಕಥೆ ಪ್ರಸಿದ್ಧ.) ಸ್ಟೀವಿಯಾ ಮತ್ತು ಸ್ಯಾಕರಿನ್ ಕೊನೆಯಲ್ಲಿ ತುಸು ಕಹಿ ಬಿಡುತ್ತವೆ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್‌ನಲ್ಲಿ ಆ ಕಹಿ ಮರೆಯಾಗುತ್ತದೆ, ನಿಂಬೆ ಪಾನಕದಲ್ಲಿ ಎದ್ದು ಕಾಣುತ್ತದೆ.

ಮಾತ್ರೆಗಿಂತ ಪುಡಿಯ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಿ. ಚಮಚಕ್ಕೆ ಚಮಚ ಸಮವೆಂದು ಮಾರುವ ಪುಡಿಗಳಲ್ಲಿ ಗಾತ್ರ ಕೊಡಲು ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆಸಿರುತ್ತಾರೆ. ಎರಡೂ ರಕ್ತದ ಗ್ಲೂಕೋಸನ್ನು ಏರಿಸುತ್ತವೆ. ಒಂದು ಪೊಟ್ಟಣದಲ್ಲಿ ಅದು ಒಂದು ಗ್ರಾಂನಷ್ಟೇ ಇರಬಹುದು, ದಿನಕ್ಕೆ ಎಂಟು ಪೊಟ್ಟಣವಾದಾಗ ಲೆಕ್ಕಕ್ಕೆ ಬರುತ್ತದೆ. ಸಕ್ಕರೆಯೊಂದಿಗೇ ಸ್ಟೀವಿಯಾ ಬೆರೆಸಿದ ಪುಡಿಗಳೂ ಇವೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಹೆಚ್ಚು ಇರುವುದೆಂದು ತಿಳಿದುಕೊಂಡರೆ ಮೋಸ ಹೋಗುವುದಿಲ್ಲ. ನಾವು ಅತ್ತೆಗೆ ಆರಿಸಿದ್ದು ಸುಕ್ರಲೋಸ್ ಮಾತ್ರೆ. ಎಣಿಸಲು ಸುಲಭ ಎಂಬುದೇ ದೊಡ್ಡ ಕಾರಣ.

ಅಪಾಯದ ಬಗ್ಗೆ ಎರಡು ಸುದ್ದಿಗಳು 2023ರಲ್ಲಿ ಒಟ್ಟಿಗೇ ಹರಡಿ ಗೊಂದಲವೆಬ್ಬಿಸಿದವು. ಆ ವರ್ಷದ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ" 2ಬಿ ಗುಂಪಿಗೆ ಸೇರಿಸಿತು. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಎಷ್ಟು ತಿಂದರೆ ಅಪಾಯ ಎಂಬುದನ್ನಲ್ಲ. ಪ್ರಮಾಣವನ್ನು ನೋಡುವ ಆಹಾರ ಸಮಿತಿ ಅದೇ ದಿನ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕಿಲೋ ತೂಗುವವರಿಗೆ ಇದು 2,400 ಮಿಲಿಗ್ರಾಂ. ಮಾತ್ರೆಗೆ 20 ಮಿಲಿಗ್ರಾಂ ಎಂದು ಹಿಡಿದರೆ 120 ಮಾತ್ರೆ. ಕಾಫಿ ಕುಡಿಯುವವರು ಆ ಗಡಿಯ ಹತ್ತಿರವೂ ಹೋಗುವುದಿಲ್ಲ.

ಎರಡನೆಯ ಸುದ್ದಿ ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ತೂಕ ಇಳಿಸಲೆಂದು ಕೃತಕ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿತು. ದೀರ್ಘಕಾಲದಲ್ಲಿ ತೂಕದ ಮೇಲೆ ಲಾಭ ಕಾಣಲಿಲ್ಲ, ಹೆಚ್ಚು ಬಳಸುವವರಲ್ಲಿ ಮಧುಮೇಹ ಮತ್ತು ಹೃದಯದ ಕಾಯಿಲೆ ಹೆಚ್ಚು ಕಂಡವು ಎಂಬುದು ಕಾರಣ. ಈಗಾಗಲೇ ಅಪಾಯದಲ್ಲಿರುವವರೇ ಇವುಗಳನ್ನು ಹೆಚ್ಚು ಬಳಸುತ್ತಾರಾದ್ದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟವೆಂದೂ ಸಂಸ್ಥೆಯೇ ಒಪ್ಪಿದೆ. ಈ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ. ನಾನು ಇದರಿಂದ ತೆಗೆದುಕೊಂಡ ತೀರ್ಮಾನ ಇಷ್ಟು: ಆರೋಗ್ಯವಾಗಿರುವವರು ಸಿಹಿಕಾರಕದ ಗೊಡವೆಗೆ ಹೋಗದೆ ಸಕ್ಕರೆಯನ್ನೇ ಕಡಿಮೆ ಮಾಡಿಕೊಳ್ಳಲಿ, ಮಧುಮೇಹಿಗಳು ದಿನಕ್ಕೆ ಎರಡೋ ಮೂರೋ ಮಾತ್ರೆಗಳನ್ನು ಊರುಗೋಲಿನಂತೆ ಬಳಸಲಿ. ಮಕ್ಕಳಿಗೆ ಇದು ಬೇಡ. ನಮ್ಮ ದೇಶದ ಪೊಟ್ಟಣಗಳ ಮೇಲೂ ಹಾಗೆಯೇ ಬರೆದಿರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನಾಲಿಗೆಗೂ ಹಚ್ಚಬಾರದು. ಅದರಲ್ಲಿರಬಹುದಾದ ಬಾಟ್ಯುಲಿಸಮ್ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.

ಹೆಜ್ಜೆ 5: ಸಿಹಿಯನ್ನೇ ಹಂತ ಹಂತವಾಗಿ ಇಳಿಸಿ

ಎರಡು ಚಮಚದಿಂದ ಒಮ್ಮೆಗೇ ಸೊನ್ನೆಗೆ ಇಳಿದವರು ಸಾಮಾನ್ಯವಾಗಿ ವಾರದೊಳಗೆ ಹಿಂದಿರುಗುತ್ತಾರೆ. ಹತ್ತು ದಿನಕ್ಕೊಮ್ಮೆ ಲೋಟಕ್ಕೆ ಅರ್ಧ ಚಮಚ ಇಳಿಸಿದರೆ ನಾಲಿಗೆ ಜಗಳವಾಡುವುದಿಲ್ಲ. ಅತ್ತೆಯ ಮನೆಯಲ್ಲಿ ಮೊದಲ ದಿನವೇ ಬೆಳಗಿನ ಜೇನನ್ನು ನಿಲ್ಲಿಸಿದೆವು. ಬಿಸಿನೀರಿಗೆ ನಿಂಬೆಹಣ್ಣು ಸಾಕಾಯಿತು. ಅಲ್ಲಿಗೇ 16 ಗ್ರಾಂ ಕಳೆಯಿತು. ಬಳಿಕ ಕಾಫಿಯ ಬೆಲ್ಲ ಎರಡರಿಂದ ಒಂದೂವರೆ, ಒಂದು, ಅರ್ಧ ಚಮಚಕ್ಕೆ ಇಳಿಯಲು ಒಂದು ತಿಂಗಳು ಹಿಡಿಯಿತು. ಈಗಿನ ಕ್ರಮ ಹೀಗಿದೆ: ಬೆಳಗಿನ ಕಾಫಿಗೂ ಹನ್ನೊಂದು ಗಂಟೆಯ ಕಾಫಿಗೂ ಒಂದೊಂದು ಸುಕ್ರಲೋಸ್ ಮಾತ್ರೆ, ಮಧ್ಯಾಹ್ನ ಶುಂಠಿ ಏಲಕ್ಕಿ ಹಾಕಿದ ಸಿಹಿಯಿಲ್ಲದ ಚಹಾ, ಸಂಜೆಯ ಒಂದು ಲೋಟಕ್ಕೆ ಅರ್ಧ ಚಮಚ ನಿಜವಾದ ಬೆಲ್ಲ. ಆ ಸಂಜೆಯ ಬೆಲ್ಲವನ್ನು ಬಿಡಿಸುವ ಪ್ರಯತ್ನವನ್ನು ನಾನು ಮಾಡಲಿಲ್ಲ. ಎರಡು ಗ್ರಾಂ ಸಕ್ಕರೆಗಾಗಿ ಅವರ ದಿನದ ಸುಖವನ್ನು ಕಸಿಯುವುದು ಅನವಶ್ಯಕ. 50 ಗ್ರಾಂನಿಂದ ಪಾನೀಯದ ಸಕ್ಕರೆ 2 ಗ್ರಾಂ ಚಿಲ್ಲರೆಗೆ ಇಳಿದಿದೆ.

ಬೆಲ್ಲ ಹಾಕಿದಾಗ ಹಾಲು ಒಡೆಯುವವರು ಒಂದನ್ನು ಗಮನಿಸಿ: ಬೆಲ್ಲದಲ್ಲಿರುವ ಹುಳಿಯ ಅಂಶ ಮತ್ತು ಖನಿಜಗಳು ಕುದಿಯುವ ಹಾಲನ್ನು ಒಡೆಯುತ್ತವೆ. ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಲೋಟದಲ್ಲಿ ಬೆರೆಸಿದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ತೀರ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ಬಿಳಿಚಿಸುವ ಗಂಧಕಯುಕ್ತ ರಾಸಾಯನಿಕ ಪುಡಿ ಹೆಚ್ಚು ಬಿದ್ದಿರುವ ಸಂಭವವಿದೆ. ಕಂದು ಬಣ್ಣದ್ದನ್ನು ಕೊಳ್ಳುವುದು ಲೇಸು.

ಹೆಜ್ಜೆ 6: ಗ್ಲೂಕೋಮೀಟರ್‌ನಲ್ಲಿ ಪರೀಕ್ಷಿಸಿ

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ, ಒಂದೇ ತಿಂಡಿ ತಿನ್ನುವ ಎರಡು ದಿನಗಳನ್ನು ಆರಿಸಿಕೊಳ್ಳಿ. ನಾವು ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು ಎಂದು ನಿಗದಿ ಮಾಡಿದೆವು. ತಿನ್ನುವ ಮೊದಲು ಒಮ್ಮೆ, ತಿನ್ನಲು ತೊಡಗಿದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ, ಏರಿಕೆಯನ್ನು ಬರೆದಿಡಬೇಕು. ಒಂದು ದಿನ ಎರಡು ಚಮಚ ಬೆಲ್ಲದ ಕಾಫಿ, ಇನ್ನೊಂದು ದಿನ ಮಾತ್ರೆಯ ಕಾಫಿ. ಬೇರೆ ಏನೂ ಬದಲಾಗಬಾರದು. ಇಂಥ ಯಂತ್ರಗಳಲ್ಲಿ ಶೇ 15ರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ ಒಂದು ಸಲದ ಸಣ್ಣ ಅಂತರವನ್ನು ನಂಬಬೇಡಿ. ಎರಡೆರಡು ಸಲ ಮಾಡಿದ ಮೇಲೆಯೂ ಅಂತರ ಒಂದೇ ದಿಕ್ಕಿನಲ್ಲಿದ್ದರೆ ಅದು ನಿಜವಾಗಿರುವ ಸಂಭವ ಹೆಚ್ಚು.

ಮಾತ್ರೆ ಹಾಕಿದ ದಿನವೂ ಸಕ್ಕರೆ ಏರಿತೆಂದು ಗಾಬರಿಯಾಗಬೇಡಿ. ಇಡ್ಲಿಯಲ್ಲಿ ಅಕ್ಕಿಯಿದೆ, 100 ಮಿಲಿಲೀಟರ್ ಹಾಲಿನಲ್ಲೇ ಸುಮಾರು 5 ಗ್ರಾಂ ಹಾಲಿನ ಸಕ್ಕರೆ ಇದೆ. ಮಾತ್ರೆ ತೆಗೆಯುವುದು ತಾನು ಬದಲಿಸಿದ ಚಮಚವನ್ನು ಮಾತ್ರ. "ಸಿಹಿಯಿಲ್ಲದ ಕಾಫಿ ತಾನೇ" ಎಂದು ಎರಡು ಬಿಸ್ಕತ್ತು ಹೆಚ್ಚು ತಿಂದರೆ ಉಳಿಸಿದ್ದೆಲ್ಲ ಅಲ್ಲೇ ಖರ್ಚಾಗುತ್ತದೆ.

ಹೆಜ್ಜೆ 7: ಮನೆಯಲ್ಲಿ ಸಕ್ಕರೆಯನ್ನು ಉಳಿಸಿಕೊಳ್ಳಿ

ಇದನ್ನು ಮರೆತವರು ಅಪಾಯಕ್ಕೆ ಸಿಲುಕುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ತೀರ ಕೆಳಗಿಳಿಯಬಹುದು: ಬೆವರು, ಕೈನಡುಕ, ಎದೆಬಡಿತ, ಮಂಕು. ದಿನದ ಸಕ್ಕರೆಯನ್ನು ಇಷ್ಟೊಂದು ಇಳಿಸಿದಾಗ ಹಳೆಯ ಔಷಧದ ಪ್ರಮಾಣವೇ ಹೆಚ್ಚಾಗಿಬಿಡಬಹುದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಅತ್ತೆಯ ಮಾತ್ರೆಯನ್ನು ಅವರ ವೈದ್ಯರು ಈ ಕಾರಣಕ್ಕೇ ಅರ್ಧಕ್ಕೆ ಇಳಿಸಿದರು.

ಮೀಟರ್ 70ಕ್ಕಿಂತ ಕೆಳಗೆ ತೋರಿಸಿದಾಗ ಸುಕ್ರಲೋಸ್ ಹಾಕಿದ ಪಾನಕ ಕುಡಿಸಿದರೆ ಬರಿಯ ನೀರು ಕುಡಿಸಿದಂತೆ. ಆಗ ಬೇಕಾದದ್ದು 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಅಷ್ಟೇ ಸಕ್ಕರೆ, ಅಂದರೆ ಅತ್ತೆಯ ಚಮಚದಲ್ಲಿ ಮೂರು, ಅರ್ಧ ಲೋಟ ನೀರಿನಲ್ಲಿ ಕರಗಿಸಿ. ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅತ್ತೆಯ ಕೈಚೀಲದಲ್ಲಿ ಈಗ ಸಿಹಿಕಾರಕದ ಡಬ್ಬಿಯ ಪಕ್ಕದಲ್ಲೇ 15 ಗ್ರಾಂ ತೂಗಿ ಕಟ್ಟಿದ ಸಣ್ಣ ಪೊಟ್ಟಣವೊಂದಿದೆ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಗೊತ್ತಾಗಲೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಕ್ಷರದಲ್ಲಿ "ಸಕ್ಕರೆ" ಎಂದು ಬರೆದಿದ್ದಾರೆ.